ಟಿ.ವಿ. ಪರದೆ ಆರಿಸಿ ರೇಡಿಯೊ ಕೇಳಿದರೆ ಎಷ್ಟು ವಿದ್ಯುತ್ ಉಳಿಯುತ್ತದೆ? – ಹತ್ತನೇ ತರಗತಿಯ ಒಂದು ಪಾಠದ ಅನುಭವ

ತರಗತಿ: 10
ವಿಷಯ: ವಿಜ್ಞಾನ
ಘಟಕ: ವಿದ್ಯುಚ್ಛಕ್ತಿ
ಉಪಘಟಕ: ವಿದ್ಯುತ್ ಸಾಮರ್ಥ್ಯ, ವಿದ್ಯುತ್ ಶಕ್ತಿಯ ವಾಣಿಜ್ಯ ಏಕಮಾನ
ಅವಧಿ: 40 ನಿಮಿಷಗಳ ಎರಡು ಅವಧಿಗಳು

ಬೋಧನಾಭ್ಯಾಸಕ್ಕೆಂದು ನನ್ನನ್ನು ನಿಯೋಜಿಸಿದ್ದ ಪ್ರೌಢಶಾಲೆಯಲ್ಲಿ ಈ ಉಪಘಟಕವನ್ನು ನಾನು ಎರಡು ಸಲ ಪಾಠ ಮಾಡಬೇಕಾಯಿತು. ಮೊದಲ ಅವಧಿಯಲ್ಲಿ ಒಂದು ತಪ್ಪನ್ನು ಕಪ್ಪುಹಲಗೆಯ ಮೇಲೆ ಬರೆದೆ. ಎರಡನೆಯ ಅವಧಿಯಲ್ಲಿ ಮಕ್ಕಳೊಂದಿಗೆ ಸೇರಿ ಅದನ್ನು ಅಳಿಸಿದೆ. ಎರಡರ ನಡುವೆ ಮನೆಯ ವಿದ್ಯುತ್ ಮೀಟರಿನ ಮುಂದೆ ನಿಂತು ಅಳೆದದ್ದೇ ಈ ಲೇಖನದ ವಸ್ತು. ಇದೇ ಉಪಘಟಕವನ್ನು ಪಾಠ ಮಾಡಲಿರುವ ಪ್ರಶಿಕ್ಷಣಾರ್ಥಿಗಳಿಗೆ ಅಳತೆಯ ವಿಧಾನವೂ, ಅದರಲ್ಲಿ ಆಗುವ ತಪ್ಪುಗಳೂ ಉಪಯೋಗವಾಗಬಹುದೆಂದು ವಿವರವಾಗಿ ಬರೆದಿದ್ದೇನೆ.

ಮೊದಲ ಅವಧಿ: ಪ್ರಶ್ನೆ ಹುಟ್ಟಿದ ಬಗೆ

P = VI ಸೂತ್ರವನ್ನು ಪುನರಾವರ್ತಿಸಿದ ಮೇಲೆ ಮಕ್ಕಳಿಗೆ ಪರಿಚಿತವಾದ ಒಂದು ಉಪಕರಣದಿಂದ ಪಾಠವನ್ನು ಮುಂದುವರಿಸಬೇಕೆಂದುಕೊಂಡಿದ್ದೆ. ಬಲ್ಬು, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಲೆಕ್ಕ ಪಠ್ಯಪುಸ್ತಕದಲ್ಲೇ ಇದೆ. ಅದಕ್ಕಾಗಿ ಟಿ.ವಿ.ಯನ್ನು ಆರಿಸಿಕೊಂಡು, "ನಿಮ್ಮ ಮನೆಯಲ್ಲಿ ಟಿ.ವಿ. ನೋಡದೆ ಬರೀ ಕೇಳುವವರು ಯಾರಾದರೂ ಇದ್ದಾರೆಯೇ?" ಎಂದು ಕೇಳಿದೆ.

ಒಬ್ಬಿಬ್ಬರು ಕೈ ಎತ್ತಬಹುದು ಎಂದುಕೊಂಡಿದ್ದೆ. ಅರ್ಧ ತರಗತಿ ಎತ್ತಿತು. ಹಲವರ ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದೆ. ಅದರಲ್ಲಿ ದೂರದರ್ಶನದ ವಾಹಿನಿಗಳ ಜೊತೆಗೆ ಆಕಾಶವಾಣಿಯ ವಾಹಿನಿಗಳೂ ಬರುತ್ತವೆ. ರೇಡಿಯೊ ವಾಹಿನಿ ಹಾಕಿದಾಗ ಪರದೆಯ ಮೇಲೆ ವಾಹಿನಿಯ ಹೆಸರಿರುವ ಒಂದು ನಿಶ್ಚಲ ಚಿತ್ರ ಮಾತ್ರ ಇರುತ್ತದೆ. ಇನ್ನು ಕೆಲವರ ಮನೆಯಲ್ಲಿ ಯೂಟ್ಯೂಬಿನಲ್ಲಿ ಭಾವಗೀತೆ, ಭಜನೆ ಹಾಕಿ ಅಡುಗೆ ಮಾಡುತ್ತಾರೆ.

ಎರಡನೆಯ ಬೆಂಚಿನ ಹುಡುಗಿ, "ನಮ್ಮ ತಾತ ಬೆಳಗ್ಗೆ ಆರು ಗಂಟೆಗೇ ಆಕಾಶವಾಣಿ ಹಾಕ್ತಾರೆ ಮಿಸ್. ನಾವೆಲ್ಲ ಅದೇ ಕೋಣೆಯಲ್ಲಿ ಮಲಗಿರ್ತೀವಿ. ಬೆಳಕು ಮುಖಕ್ಕೆ ಹೊಡೆಯುತ್ತೆ ಅಂತ ಅಮ್ಮ ಟಿ.ವಿ. ಮೇಲೆ ಹಳೇ ಸೀರೆ ಹೊದಿಸ್ತಾರೆ" ಎಂದಳು. ಎಲ್ಲರೂ ನಕ್ಕರು. ಆದರೆ ನನಗೆ ಬೇಕಾಗಿದ್ದ ಪ್ರಶ್ನೆ ಅಲ್ಲೇ ಇತ್ತು. "ಸೀರೆ ಹೊದಿಸಿದರೆ ಕಣ್ಣಿಗೆ ಚುಚ್ಚುವುದು ತಪ್ಪಿತು. ವಿದ್ಯುತ್ ಉಳಿಯಿತೇ?" ಎಂದು ಕೇಳಿದೆ. ಇಲ್ಲವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. "ಹಾಗಾದರೆ ಉಳಿಸುವುದು ಹೇಗೆ?" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಕಪ್ಪು ಪರದೆಯ ವಿಡಿಯೊ ಇರ್ತಾವೆ ಮಿಸ್, ಮಳೆ ಶಬ್ದದ್ದು, ಹಾಡಿನದ್ದು. ಅದನ್ನ ಹಾಕಿದರೆ ಪರದೆ ಕಪ್ಪಾಗೇ ಇರುತ್ತೆ, ಕರೆಂಟೂ ಉಳಿಯುತ್ತೆ" ಎಂದ.

ನಾನು "ಸರಿ" ಎಂದು ಹೇಳಿ ಹಲಗೆಯ ಮೇಲೆ ಬರೆದೆ: "ಪರದೆ ಕಪ್ಪಾದರೆ ವಿದ್ಯುತ್ ಬಳಕೆ ಕಡಿಮೆ." ನನ್ನ ಮೊಬೈಲಿನಲ್ಲಿ ಹಿನ್ನೆಲೆಯನ್ನು ಕಪ್ಪು ಮಾಡಿಕೊಂಡರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆಂದು ಓದಿದ್ದೆ, ಅನುಭವವೂ ಇತ್ತು. ಅದನ್ನೇ ಟಿ.ವಿ.ಗೂ ಅನ್ವಯಿಸಿದೆ.

ಅದೇ ಹುಡುಗಿ ಮತ್ತೆ ಎದ್ದು ನಿಂತಳು. "ಮಿಸ್, ನಮ್ಮ ಟಿ.ವಿ.ಯಲ್ಲಿ ಚಿತ್ರ ಪೂರ್ತಿ ಕಪ್ಪಾದಾಗಲೂ ರಾತ್ರಿ ಹೊತ್ತು ಕೋಣೆಯಲ್ಲಿ ಬೂದಿ ಬಣ್ಣದ ಬೆಳಕು ಇರುತ್ತೆ. ಗೋಡೆ ಕಾಣುತ್ತೆ. ಕರೆಂಟ್ ಉಳಿದಿದ್ದರೆ ಬೆಳಕು ಎಲ್ಲಿಂದ ಬರುತ್ತೆ?"

ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ನೋಡೋಣ" ಎಂದು ಪಾಠವನ್ನು ಕಿಲೋವ್ಯಾಟ್ ಗಂಟೆಯ ಲೆಕ್ಕಕ್ಕೆ ತಿರುಗಿಸಿದೆ. ಹಿಂದೆ ಕುಳಿತು ಪಾಠ ವೀಕ್ಷಿಸುತ್ತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಹೀಗೆ ಬರೆದಿದ್ದರು: "ಪ್ರಶ್ನೆ ಚೆನ್ನಾಗಿತ್ತು. ಉತ್ತರವನ್ನು ಅಳೆದು ನೋಡಿದ್ದೀರಾ?"

ಪರದೆಯ ಹಿಂದಿನ ಬೆಳಕು

ಆ ಸಂಜೆ ಓದಿ ತಿಳಿದುಕೊಂಡದ್ದು ಇಷ್ಟು. ನಮ್ಮ ಮನೆಗಳಲ್ಲಿ ಇಂದು "ಎಲ್‌ಇಡಿ ಟಿ.ವಿ." ಎಂದು ಕರೆಯುವುದು ಬಹುಮಟ್ಟಿಗೆ ಎಲ್‌ಸಿಡಿ ಟಿ.ವಿ.ಯೇ. ಎಲ್‌ಸಿಡಿ ಎಂದರೆ ದ್ರವ ಸ್ಫಟಿಕದ ಹಲಗೆ. ಅದು ತಾನಾಗಿ ಬೆಳಗುವುದಿಲ್ಲ. ಅದರ ಹಿಂದೆ ಸಾಲಾಗಿ ಜೋಡಿಸಿದ ಬಿಳಿ ಎಲ್‌ಇಡಿಗಳಿವೆ. ಅವುಗಳ ಬೆಳಕನ್ನು ಹಾಳೆಗಳು ಇಡೀ ಪರದೆಗೆ ಸಮನಾಗಿ ಹರಡುತ್ತವೆ. ಮುಂದಿನ ದ್ರವ ಸ್ಫಟಿಕ ಪದರ ಮತ್ತು ಅದರ ಎರಡೂ ಬದಿಯ ಧ್ರುವೀಕಾರಕ ಹಾಳೆಗಳು ಪ್ರತಿ ಬಿಂದುವಿನಲ್ಲಿ ಎಷ್ಟು ಬೆಳಕನ್ನು ಹೊರಗೆ ಬಿಡಬೇಕು, ಎಷ್ಟನ್ನು ತಡೆಯಬೇಕು ಎಂಬುದನ್ನು ಮಾತ್ರ ನಿಯಂತ್ರಿಸುತ್ತವೆ. ಹಿಂದಿನ ದೀಪಗಳಿಗೆ ಹಿಂಬೆಳಕು, ಅಂದರೆ ಬ್ಯಾಕ್‌ಲೈಟ್ ಎಂದು ಹೆಸರು.

ಹೀಗಾಗಿ ಚಿತ್ರ ಕಪ್ಪಾಗುವುದೆಂದರೆ ದೀಪ ಆರುವುದಲ್ಲ, ದೀಪದ ಮುಂದೆ ತಡೆ ಬೀಳುವುದು. ಆ ತಡೆಯೂ ಪೂರ್ತಿಯಲ್ಲ, ಸ್ವಲ್ಪ ಬೆಳಕು ಸೋರುತ್ತದೆ. ಹುಡುಗಿ ಕಂಡ ಬೂದಿ ಬಣ್ಣದ ಬೆಳಕು ಅದೇ.

ನನ್ನ ಮೊಬೈಲಿನಲ್ಲಿರುವುದು ಬೇರೆ ಬಗೆಯ ಪರದೆ, ಓಎಲ್‌ಇಡಿ. ಅಲ್ಲಿ ಹಿಂಬೆಳಕು ಇಲ್ಲ, ಪ್ರತಿ ಬಿಂದುವೂ ತಾನೇ ಬೆಳಗುತ್ತದೆ. ಕಪ್ಪು ಬಿಂದು ಎಂದರೆ ಆರಿದ ಬಿಂದು. ಅಲ್ಲಿ ಕಪ್ಪಿನಿಂದ ವಿದ್ಯುತ್ ನಿಜವಾಗಿಯೂ ಉಳಿಯುತ್ತದೆ. ಹುಡುಗ ಹೇಳಿದ್ದು ಓಎಲ್‌ಇಡಿ ಟಿ.ವಿ. ಇರುವ ಮನೆಯಲ್ಲಿ ಸರಿ. ನನ್ನ ತಪ್ಪು ಎರಡನ್ನೂ ಒಂದೇ ಎಂದುಕೊಂಡದ್ದು.

ಹಾಗಾದರೆ ಹಿಂಬೆಳಕನ್ನೇ ಆರಿಸಿ ಧ್ವನಿಯನ್ನು ಉಳಿಸಿಕೊಳ್ಳಲು ಆಗದೇ? ಹಲವು ಟಿ.ವಿ.ಗಳಲ್ಲಿ ಅದಕ್ಕೆಂದೇ ಒಂದು ಆಯ್ಕೆ ಇದೆ. ಎಲ್‌ಜಿ ಟಿ.ವಿ.ಗಳಲ್ಲಿ Energy Saving ಎಂಬುದರ ಒಳಗೆ Screen Off ಎಂದಿರುತ್ತದೆ. ಸೋನಿ ಟಿ.ವಿ.ಗಳಲ್ಲಿ ಅದರ ಹೆಸರು Picture off. ಉಳಿದವುಗಳಲ್ಲಿಯೂ ಇದ್ದರೆ ವಿದ್ಯುತ್ ಉಳಿತಾಯದ ಪಟ್ಟಿಯಲ್ಲೋ ಚಿತ್ರದ ಪಟ್ಟಿಯಲ್ಲೋ ಇಂಥದೇ ಹೆಸರಿನಲ್ಲಿ ಸಿಗುತ್ತದೆ. ಅದನ್ನು ಒತ್ತಿದರೆ ಪರದೆ ಆರುತ್ತದೆ, ಧ್ವನಿ ಮುಂದುವರಿಯುತ್ತದೆ. ಟಿ.ವಿ. ರಿಮೋಟಿನ ಧ್ವನಿ ಗುಂಡಿಗಳನ್ನು ಬಿಟ್ಟು ಬೇರೆ ಯಾವುದಾದರೂ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಪರದೆ ಮತ್ತೆ ಬೆಳಗುತ್ತದೆ.

ಮೀಟರಿನಿಂದ ಅಳೆಯುವ ವಿಧಾನ

ಬಹುತೇಕ ಮನೆಗಳ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಒಂದು ಸಣ್ಣ ಕೆಂಪು ದೀಪವಿದೆ. ಅದರ ಪಕ್ಕದಲ್ಲೋ ಫಲಕದ ಮೇಲೋ 3200 imp/kWh ಎಂಬಂಥ ಬರಹವಿರುತ್ತದೆ. ಒಂದು ಕಿಲೋವ್ಯಾಟ್ ಗಂಟೆ, ಅಂದರೆ ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ 3200 ಸಲ ಮಿಣುಕುತ್ತದೆ ಎಂಬುದು ಅದರ ಅರ್ಥ. ಒಂದು ಯೂನಿಟ್ ಎಂದರೆ 36,00,000 ಜೂಲ್ ಎಂಬುದು ಪಠ್ಯದಲ್ಲಿದೆ. ಅದನ್ನು 3200ರಿಂದ ಭಾಗಿಸಿದರೆ 1125. ಒಂದು ಮಿಣುಕಿಗೆ 1125 ಜೂಲ್. ಎರಡು ಮಿಣುಕುಗಳ ನಡುವೆ t ಸೆಕೆಂಡ್ ಹಿಡಿದರೆ,

```
P = 1125 / t
```

ಉತ್ತರ ನೇರವಾಗಿ ವ್ಯಾಟ್‌ಗಳಲ್ಲಿ ಬರುತ್ತದೆ. ಸಾಮರ್ಥ್ಯವೆಂದರೆ ಪ್ರತಿ ಸೆಕೆಂಡಿಗೆ ಖರ್ಚಾಗುವ ಶಕ್ತಿ ಎಂಬ ವ್ಯಾಖ್ಯೆಯನ್ನು ಇಷ್ಟು ನೇರವಾಗಿ ತೋರಿಸುವ ಬೇರೆ ಸಾಧನ ನನಗೆ ಶಾಲೆಯಲ್ಲಿ ಸಿಗಲಿಲ್ಲ. ಕೆಲವು ಮೀಟರುಗಳಲ್ಲಿ 3200ರ ಬದಲು 1600 ಅಥವಾ 6400 ಎಂದಿರುತ್ತದೆ. ಆಗ 1125ರ ಬದಲು ಕ್ರಮವಾಗಿ 2250 ಅಥವಾ 562.5 ಬಳಸಬೇಕು. ಹಾಗಾಗಿ ಮಕ್ಕಳು ಮೊದಲು ಫಲಕವನ್ನು ಓದಬೇಕು.

ನಾನು ಬಾಡಿಗೆಗೆ ಇರುವ ಮನೆಯಲ್ಲಿ 32 ಇಂಚಿನ ಎಲ್‌ಇಡಿ ಟಿ.ವಿ. ಮತ್ತು ಒಂದು ಸೆಟ್‌ಟಾಪ್ ಬಾಕ್ಸ್ ಇವೆ. ಫ್ರಿಜ್ಜು, ವೈಫೈ ಪೆಟ್ಟಿಗೆ, ಚಾರ್ಜರುಗಳು, ಎಲ್ಲ ದೀಪಗಳನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದೆ. ಟಿ.ವಿ.ಯನ್ನೂ ಬಾಕ್ಸನ್ನೂ ಆರಿಸಿ ಐದು ನಿಮಿಷ ಕಾದೆ. ಮೀಟರ್ ಒಂದು ಸಲವೂ ಮಿಣುಕಲಿಲ್ಲ. ಹೀಗೆ ಬೇರೇನೂ ಓಡುತ್ತಿಲ್ಲ ಎಂದು ಖಚಿತವಾದ ಮೇಲೆಯೇ ಅಳತೆ ಆರಂಭಿಸಿದೆ. ಒಂದೊಂದು ಸ್ಥಿತಿಯಲ್ಲಿ ಐದು ಮಿಣುಕುಗಳ ಕಾಲವನ್ನು ಮೊಬೈಲಿನ ನಿಲುಗಡಿಯಾರದಲ್ಲಿ ಅಳೆದು, ಐದರಿಂದ ಭಾಗಿಸಿದೆ. ಧ್ವನಿಯ ಮಟ್ಟವನ್ನು ಕೊನೆಯವರೆಗೂ ಬದಲಿಸಲಿಲ್ಲ.

| ಸ್ಥಿತಿ | 5 ಮಿಣುಕುಗಳ ಕಾಲ (ಸೆಕೆಂಡ್) | ಸಾಮರ್ಥ್ಯ (ವ್ಯಾಟ್) |
|---|---|---|
| ವಾರ್ತೆ, ಮಾಮೂಲಿ ಚಿತ್ರ | 105 | 54 |
| ರೇಡಿಯೊ ವಾಹಿನಿ, ನಿಶ್ಚಲ ಚಿತ್ರ | 106 | 53 |
| ರೇಡಿಯೊ, ಪರದೆಯ ಮುಂದೆ ಬಟ್ಟೆ | 106 | 53 |
| ಪೂರ್ತಿ ಕಪ್ಪು ಚಿತ್ರ | 109 | 52 |
| ರೇಡಿಯೊ, ಹಿಂಬೆಳಕು ಕನಿಷ್ಠ | 176 | 32 |
| ರೇಡಿಯೊ, ಪರದೆ ಆರಿಸಿದಾಗ | 250 | 22.5 |
| ಟಿ.ವಿ. ರಿಮೋಟಿನಲ್ಲಿ ಆರಿದೆ, ಬಾಕ್ಸ್ ಮಾತ್ರ ಓಡುತ್ತಿದೆ | 560 | 10 |

ಎಲ್ಲ ಅಂಕಿಗಳಲ್ಲೂ ಬಾಕ್ಸಿನ ಪಾಲು ಸೇರಿದೆ. ಕೊನೆಯ ಸಾಲಿನಲ್ಲಿ ಟಿ.ವಿ. ಕಾಯುವ ಸ್ಥಿತಿಯಲ್ಲಿದ್ದುದರಿಂದ ಆ 10 ವ್ಯಾಟ್ ಬಹುತೇಕ ಬಾಕ್ಸಿನದೇ. ಅದನ್ನು ಕಳೆದರೆ ಟಿ.ವಿ. ಒಂದೇ, ಪರದೆ ಬೆಳಗುತ್ತಿರುವಾಗ 43 ವ್ಯಾಟ್, ಪರದೆ ಆರಿದಾಗ 12.5 ವ್ಯಾಟ್. ನನ್ನ ಟಿ.ವಿ. ಸೆಳೆಯುವ ವಿದ್ಯುತ್ತಿನಲ್ಲಿ ಹತ್ತರಲ್ಲಿ ಏಳು ಪಾಲು ಪರದೆಗೇ ಹೋಗುತ್ತದೆ. ಧ್ವನಿಗೂ ಉಳಿದ ಎಲೆಕ್ಟ್ರಾನಿಕ್ಸಿಗೂ ಬೇಕಾದದ್ದು ಮೂರು ಪಾಲು.

ಎರಡನೆಯ ಅವಧಿ: ಮೂರು ಬಗೆಯ ಕತ್ತಲೆ

ಮರುದಿನ ಪಾಠವನ್ನು ಶಾಲೆಯ ಸ್ಮಾರ್ಟ್ ಕ್ಲಾಸ್ ಕೋಣೆಯಲ್ಲಿ ಮಾಡಿದೆ. ಅಲ್ಲಿಯ ಟಿ.ವಿ.ಯೂ ಎಲ್‌ಇಡಿಯದೇ, ಅದರಲ್ಲೂ ಪರದೆ ಆರಿಸುವ ಆಯ್ಕೆ ಇತ್ತು. ಹಿಂದಿನ ದಿನ ಬರೆದ ವಾಕ್ಯವನ್ನು ಮತ್ತೆ ಹಲಗೆಯ ಮೇಲೆ ಬರೆದು, "ಇದು ಸರಿಯೇ ಎಂದು ನೋಡೋಣ" ಎಂದು ಆರಂಭಿಸಿದೆ.

ಕಿಟಕಿಗಳನ್ನು ಮುಚ್ಚಿಸಿ, ಪೆನ್‌ಡ್ರೈವಿನಿಂದ ಪೂರ್ತಿ ಕಪ್ಪು ಚಿತ್ರವಿರುವ ಒಂದು ಹಾಡಿನ ವಿಡಿಯೊ ಹಾಕಿದೆ. ಒಂದು ನಿಮಿಷ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಬಿಟ್ಟೆ. ಪರದೆ ಬೂದಿ ಬಣ್ಣದಲ್ಲಿ ಬೆಳಗುತ್ತಿತ್ತು, ಅಂಚಿನಲ್ಲಿ ತುಸು ಹೆಚ್ಚು. ಆಮೇಲೆ ಪರದೆಯನ್ನು ಆರಿಸಿದೆ. ಹಾಡು ನಡೆದೇ ಇತ್ತು, ಪರದೆ ಎಲ್ಲಿದೆ ಎಂಬುದೇ ಕಾಣಲಿಲ್ಲ. ನಾನು ಏನೂ ಹೇಳುವ ಮೊದಲೇ ತರಗತಿಯಲ್ಲಿ "ಓ" ಎಂಬ ಶಬ್ದ ಬಂತು.

ಕಿಟಕಿ ತೆರೆದ ಮೇಲೆ ಹಿಂಬೆಳಕಿನ ಚಿತ್ರವನ್ನು ಹಲಗೆಯ ಮೇಲೆ ಬಿಡಿಸಿದೆ. ಸೀರೆಯ ಸಂಗತಿ ಹೇಳಿದ್ದ ಹುಡುಗಿ, "ಲಾಟೀನಿನ ಮುಂದೆ ಕೈ ಅಡ್ಡ ಹಿಡಿದರೆ ಎಣ್ಣೆ ಉಳಿಯುತ್ತಾ ಮಿಸ್? ಹಂಗೇ ಇದು" ಎಂದಳು. ನನ್ನ ಚಿತ್ರಕ್ಕಿಂತ ಈ ಮಾತು ಹೆಚ್ಚು ಜನಕ್ಕೆ ತಲುಪಿತು. ಸೀರೆ ಎಂದರೆ ಪರದೆಯ ಹೊರಗೆ ಅಡ್ಡ ಹಿಡಿದ ಕೈ. ಕಪ್ಪು ಚಿತ್ರ ಎಂದರೆ ಪರದೆಯ ಒಳಗೆ ಅಡ್ಡ ಹಿಡಿದ ಕೈ. ಪರದೆ ಆರಿಸುವುದೆಂದರೆ ಲಾಟೀನನ್ನೇ ಆರಿಸುವುದು. ಮೂರರಲ್ಲೂ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ ಕತ್ತಲೆಯೇ, ಮೀಟರು ಮಾತ್ರ ಮೂರನೆಯದನ್ನೇ ಗುರುತಿಸುತ್ತದೆ.

ಈ ಹಂತದಲ್ಲಿ ನನ್ನ ಅಳತೆಯ ಪಟ್ಟಿಯನ್ನು ಕೊಟ್ಟೆ. ಸಾಮರ್ಥ್ಯದ ಅಂಕಣವನ್ನು ಖಾಲಿ ಬಿಟ್ಟಿದ್ದೆ, ಮಕ್ಕಳೇ ಲೆಕ್ಕ ಹಾಕಿ ತುಂಬಿದರು. ಮೀಟರ್ ಮಿಣುಕುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದ ಎರಡು ತುಣುಕುಗಳನ್ನು ತೋರಿಸಿದೆ, ಪರದೆ ಬೆಳಗುತ್ತಿದ್ದಾಗಿನದು ಮತ್ತು ಆರಿದ್ದಾಗಿನದು. ಮೊದಲನೆಯದರಲ್ಲಿ ಇಪ್ಪತ್ತೊಂದು ಸೆಕೆಂಡಿಗೊಮ್ಮೆ, ಎರಡನೆಯದರಲ್ಲಿ ಐವತ್ತು ಸೆಕೆಂಡಿಗೊಮ್ಮೆ. ಎರಡನೆಯದರಲ್ಲಿ ಮಿಣುಕಿಗಾಗಿ ಕಾಯುವ ಬೇಸರವೇ ಉಳಿತಾಯದ ಅನುಭವವಾಯಿತು.

ಹಲಗೆಯ ಮೇಲಿನ ವಾಕ್ಯವನ್ನು ಕಪ್ಪು ವಿಡಿಯೊ ಸೂಚಿಸಿದ್ದ ಹುಡುಗನೇ ತಿದ್ದಿದ: "ಪರದೆಯ ಹಿಂದಿನ ದೀಪ ಆರಿದರೆ ವಿದ್ಯುತ್ ಬಳಕೆ ಕಡಿಮೆ."

ತಿಂಗಳ ಲೆಕ್ಕ

ಆ ಹುಡುಗಿಯ ತಾತ ದಿನಕ್ಕೆ ಮೂರು ಗಂಟೆ ರೇಡಿಯೊ ಕೇಳುತ್ತಾರೆ. ಅವರ ಟಿ.ವಿ.ಯೂ ನನ್ನದರಂತೆಯೇ ಎಂದಿಟ್ಟುಕೊಂಡು ಲೆಕ್ಕ ಮಾಡಿದೆವು. 30 ದಿನಕ್ಕೆ 90 ಗಂಟೆ. ಪರದೆ ಬೆಳಗುತ್ತಿದ್ದರೆ 53 × 90 = 4770 ವ್ಯಾಟ್ ಗಂಟೆ, ಅಂದರೆ ಸುಮಾರು 4.8 ಯೂನಿಟ್. ಪರದೆ ಆರಿಸಿದರೆ 22.5 × 90 = 2025 ವ್ಯಾಟ್ ಗಂಟೆ, ಸುಮಾರು 2 ಯೂನಿಟ್. ಉಳಿತಾಯ ತಿಂಗಳಿಗೆ ಸುಮಾರು 2.7 ಯೂನಿಟ್.

ಒಬ್ಬ ಹುಡುಗ, "ನಮಗೆ ಗೃಹಜ್ಯೋತಿ ಇದೆ ಮಿಸ್, ಬಿಲ್ ಸೊನ್ನೆ. ಉಳಿಸಿ ಏನು ಮಾಡೋದು?" ಎಂದ. ಈ ಪ್ರಶ್ನೆಯನ್ನು ನನ್ನ ಪಾಠ ಯೋಜನೆಯಲ್ಲಿ ನಿರೀಕ್ಷಿಸಿರಲಿಲ್ಲ. ಅವನ ಮನೆಯ ಬಿಲ್ಲನ್ನೇ ತರಿಸಿ ಮರುದಿನ ಓದಿದೆವು. ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಅರ್ಹ ಯೂನಿಟ್ಟುಗಳ ಮಿತಿ ಇದೆ. ಅದನ್ನು ದಾಟಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು, ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಬರುತ್ತದೆ. ಮಿತಿಯ ಅಂಚಿನಲ್ಲಿರುವ ಮನೆಗೆ ಎರಡು ಮೂರು ಯೂನಿಟ್ ಲೆಕ್ಕಕ್ಕೆ ಬರುತ್ತದೆ. ಮಿತಿಗಿಂತ ಬಹಳ ಕೆಳಗಿರುವ ಮನೆಯಲ್ಲಿ ಹಣದ ಉಳಿತಾಯ ಕಾಣುವುದಿಲ್ಲ. ಅವನ ಮನೆ ಎರಡನೆಯ ಬಗೆಯದು, ಅದನ್ನು ಹಾಗೆಯೇ ಒಪ್ಪಿಕೊಂಡೆ. ಅವನಿಗೆ ಉಳಿದದ್ದು ಬೆಳಗಿನ ನಿದ್ದೆ ಎಂದು ಪಕ್ಕದವನು ಹೇಳಿದ.

ಪಟ್ಟಿಯ ಕೊನೆಯ ಸಾಲನ್ನು ನಾನು ಬಾಕ್ಸಿನ ಪಾಲನ್ನು ಕಳೆಯಲೆಂದಷ್ಟೇ ಇಟ್ಟಿದ್ದೆ. ಅದರಿಂದ ಮಕ್ಕಳು ಇನ್ನೊಂದು ಸಂಗತಿ ಕಂಡುಹಿಡಿದರು. ಹಲವರ ಮನೆಯಲ್ಲಿ ಟಿ.ವಿ.ಯನ್ನು ರಿಮೋಟಿನಿಂದ ಆರಿಸುತ್ತಾರೆ, ಬಾಕ್ಸು ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ದಿನದ ಉಳಿದ 21 ಗಂಟೆ, 10 ವ್ಯಾಟ್, 30 ದಿನ: 6.3 ಯೂನಿಟ್. ಪರದೆ ಆರಿಸಿ ಉಳಿಸಿದ 2.7 ಯೂನಿಟ್ಟಿನ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ರೇಡಿಯೊ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನು ಆರಿಸುವುದು ದೊಡ್ಡ ಉಳಿತಾಯ, ಕೇಳುವಾಗ ಪರದೆ ಆರಿಸುವುದು ಚಿಕ್ಕದು. ಪಾಠದ ವಸ್ತುವಿಗೇ ಇದರಿಂದ ಸ್ವಲ್ಪ ಮುಖಭಂಗವಾದರೂ ಅಂಕಿಗಳು ಹೇಳುವುದು ಅದನ್ನೇ.

ಮಕ್ಕಳು ಮನೆಯಲ್ಲಿ ಅಳೆದಾಗ ಆದ ತಪ್ಪುಗಳು

ಹಿರಿಯರೊಬ್ಬರ ಜೊತೆಯಲ್ಲಿ, ಮೀಟರನ್ನು ಮುಟ್ಟದೆ, ದೂರದಿಂದ ನೋಡಿ ಅಳೆಯಬೇಕೆಂಬ ಷರತ್ತಿನ ಮೇಲೆ ಇದನ್ನು ಗೃಹಕಾರ್ಯವಾಗಿ ಕೊಟ್ಟೆ. ಬಂದ ಉತ್ತರಗಳಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಕಂಡವು.

ಮೊದಲನೆಯದು ಎಣಿಕೆಯ ತಪ್ಪು. ಗಡಿಯಾರ ಆರಂಭಿಸಿದ ಮಿಣುಕನ್ನೇ "ಒಂದು" ಎಂದು ಎಣಿಸಿ "ಐದು" ಎಂದಾಗ ನಿಲ್ಲಿಸಿದರೆ, ನಡುವೆ ಇರುವುದು ನಾಲ್ಕೇ ಅಂತರಗಳು. ನನ್ನ ಟಿ.ವಿ.ಯಲ್ಲಿ ಹಾಗೆ ಮಾಡಿದ್ದರೆ 84 ಸೆಕೆಂಡ್ ಬರುತ್ತಿತ್ತು. ಅದನ್ನು ಐದರಿಂದ ಭಾಗಿಸಿದರೆ 54ರ ಬದಲು 67 ವ್ಯಾಟ್. ಆರಂಭದ ಮಿಣುಕಿಗೆ "ಸೊನ್ನೆ" ಎಂದು ಜೋರಾಗಿ ಹೇಳಿಸಿದ ಮೇಲೆ ಈ ತಪ್ಪು ನಿಂತಿತು. ಇದು ಲೋಲಕದ ಆಂದೋಲನಗಳನ್ನು ಎಣಿಸುವಾಗಲೂ ಆಗುವ ತಪ್ಪೇ.

ಎರಡನೆಯದು ಫ್ರಿಜ್ಜು. ಅದು ಓಡದಿದ್ದಾಗ ಅಳತೆ ಆರಂಭಿಸಿದ ಒಬ್ಬಳಿಗೆ ಮೊದಲ ಎರಡು ಅಂತರ 20 ಸೆಕೆಂಡಿನಂತೆ ಬಂದು, ಆಮೇಲೆ ಇದ್ದಕ್ಕಿದ್ದಂತೆ ಕೆಲವೇ ಸೆಕೆಂಡಿಗೊಮ್ಮೆ ಮಿಣುಕತೊಡಗಿತು. ಅವಳು ಎಲ್ಲವನ್ನೂ ಕೂಡಿ ಸರಾಸರಿ ತೆಗೆದಿದ್ದಳು. ಅಂತರಗಳು ಸಮವಾಗಿರದಿದ್ದರೆ ಬೇರೆ ಏನೋ ಓಡುತ್ತಿದೆ ಎಂದರ್ಥ, ಆ ಅಳತೆಯನ್ನು ಬಿಡಬೇಕು. ಒಟ್ಟು ಕಾಲವನ್ನಷ್ಟೇ ಬರೆಯಿಸುವ ಬದಲು ಪ್ರತಿ ಮಿಣುಕಿನ ಕಾಲವನ್ನೂ ಬರೆಯಿಸುವುದು ಇದಕ್ಕಾಗಿಯೇ ಒಳ್ಳೆಯದು.

ಮೂರನೆಯದು ಹೆಸರಿನಿಂದ ಆದ ಗೊಂದಲ. ಒಬ್ಬನ ಟಿ.ವಿ.ಯಲ್ಲಿ ಪರದೆ ಆರಿಸುವ ಆಯ್ಕೆಯೇ ಇರಲಿಲ್ಲ. ಅವನು Brightness ಅನ್ನು ಸೊನ್ನೆಗೆ ಇಳಿಸಿದ. ಚಿತ್ರ ಬಹುತೇಕ ಕಪ್ಪಾಯಿತು, ಮಿಣುಕಿನ ಅಂತರ ಬದಲಾಗಲಿಲ್ಲ. "ನಿಮ್ಮ ಪಟ್ಟಿ ತಪ್ಪು" ಎಂದು ನನಗೇ ಹೇಳಿದ. ಹಲವು ಟಿ.ವಿ.ಗಳಲ್ಲಿ Brightness ಎಂಬುದು ಚಿತ್ರದ ಕಪ್ಪು ಭಾಗ ಎಷ್ಟು ಕಪ್ಪಾಗಿರಬೇಕು ಎಂಬುದನ್ನು ಬದಲಿಸುತ್ತದೆ, ಅಂದರೆ ದೀಪದ ಮುಂದಿನ ತಡೆಯನ್ನು. ದೀಪವನ್ನು ಬದಲಿಸುವುದು Backlight ಎಂಬ ಬೇರೆ ಸಾಲು. ಅದನ್ನು ಕೆಳಗಿಳಿಸಿದಾಗ ಅವನ ಅಂತರ ಒಂದೂವರೆ ಪಟ್ಟು ಹೆಚ್ಚಿತು. ಕೆಲವು ಟಿ.ವಿ.ಗಳಲ್ಲಿ Brightness ಎಂಬ ಹೆಸರೇ ಹಿಂಬೆಳಕಿಗೂ ಇದೆ. ಯಾವುದು ಯಾವುದೆಂದು ಮೀಟರಿನಿಂದಲೇ ತಿಳಿಯಬಹುದು. ಅಂತರ ಬದಲಾದರೆ ಅದು ದೀಪ, ಬದಲಾಗದಿದ್ದರೆ ಅದು ತಡೆ.

ಇದರ ಜೊತೆಗೆ ಒಂದು ಮಿತಿಯನ್ನೂ ಹೇಳಬೇಕು. ಕಪ್ಪು ಚಿತ್ರದಿಂದ ಉಳಿತಾಯವಿಲ್ಲ ಎಂಬುದು ನನ್ನ ಟಿ.ವಿ.ಯ ಅಳತೆ. ಕೆಲವು ಎಲ್‌ಸಿಡಿ ಟಿ.ವಿ.ಗಳು ಚಿತ್ರ ಪೂರ್ತಿ ಕಪ್ಪಾದರೆ ಹಿಂಬೆಳಕನ್ನು ತಾವೇ ತಗ್ಗಿಸುತ್ತವೆ. ಆದ್ದರಿಂದ ಮಕ್ಕಳ ಉತ್ತರ ನಮ್ಮದಕ್ಕೆ ಹೊಂದದಿದ್ದರೆ ತಪ್ಪೆಂದು ತಳ್ಳಿಹಾಕದೆ ಮತ್ತೊಮ್ಮೆ ಅಳೆಯಿಸಬೇಕು.

ತಾತನ ಮನೆಯಲ್ಲಿ

ಆ ಹುಡುಗಿಯ ಟಿ.ವಿ.ಯಲ್ಲಿ ಪರದೆ ಆರಿಸುವ ಆಯ್ಕೆ ಇತ್ತು. ಆದರೆ ಅದು ಪಟ್ಟಿಯೊಳಗೆ ಮೂರು ಹಂತ ಕೆಳಗಿತ್ತು, ಇಂಗ್ಲಿಷಿನಲ್ಲಿತ್ತು. ತಾತನಿಗೆ ಓದಲಾಗಲಿಲ್ಲ. ಅವಳು ಯಾವ ಗುಂಡಿಯನ್ನು ಎಷ್ಟು ಸಲ ಒತ್ತಬೇಕೆಂದು ಒಂದು ಚೀಟಿಯಲ್ಲಿ ಬಾಣದ ಗುರುತು ಹಾಕಿ ಬರೆದು ರಿಮೋಟಿನ ಹಿಂದೆ ಅಂಟಿಸಿದಳು. ಮೊದಲ ದಿನ ತಾತ ವಾಹಿನಿ ಬದಲಿಸಲು ಹೋಗಿ ಟಿ.ವಿ. ರಿಮೋಟಿನ ಗುಂಡಿ ಒತ್ತಿದರಂತೆ, ಪರದೆ ಭಗ್ಗೆಂದು ಬೆಳಗಿ ಎಲ್ಲರೂ ಎದ್ದರಂತೆ. ಬಾಕ್ಸಿನ ರಿಮೋಟಿನಿಂದ ವಾಹಿನಿ ಬದಲಿಸಿದರೆ ಟಿ.ವಿ.ಗೆ ಅದು ಗೊತ್ತಾಗುವುದಿಲ್ಲ, ಪರದೆ ಆರಿಯೇ ಇರುತ್ತದೆ ಎಂಬುದನ್ನು ಅವರೇ ಎರಡನೆಯ ದಿನ ಕಂಡುಕೊಂಡರು. ಈಗ ಟಿ.ವಿ. ರಿಮೋಟನ್ನು ಪಕ್ಕಕ್ಕಿಟ್ಟು ಬಾಕ್ಸಿನದನ್ನು ಮಾತ್ರ ಹಿಡಿದುಕೊಳ್ಳುತ್ತಾರೆ.

ಸೀರೆಯನ್ನು ತೆಗೆದದ್ದು ಇನ್ನೊಂದು ಕಾರಣಕ್ಕೂ ಒಳ್ಳೆಯದಾಯಿತು. ಟಿ.ವಿ.ಯ ಹಿಂಭಾಗದ ಸೀಳುಗಳಿಂದ ಬಿಸಿ ಗಾಳಿ ಹೊರಹೋಗಬೇಕು. ಬಟ್ಟೆ ಅವುಗಳನ್ನು ಮುಚ್ಚಿದರೆ ಒಳಗಿನ ಭಾಗಗಳು ಕಾಯುತ್ತವೆ. ನಾನು ನನ್ನ ಮನೆಯಲ್ಲಿ ಬಟ್ಟೆಯ ಅಳತೆ ಮಾಡಿದಾಗ ಪರದೆಯ ಮುಂದೆ ಮಾತ್ರ, ಎರಡು ನಿಮಿಷದ ಮಟ್ಟಿಗೆ ಹಿಡಿದಿದ್ದೆ.

ಮೂರನೆಯ ವಾರದ ಘಟಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟೆ: "1600 imp/kWh ಎಂದು ಬರೆದ ಮೀಟರಿನಲ್ಲಿ ಟಿ.ವಿ. ಓಡುವಾಗ 45 ಸೆಕೆಂಡಿಗೊಮ್ಮೆ, ಪರದೆ ಆರಿಸಿದಾಗ 90 ಸೆಕೆಂಡಿಗೊಮ್ಮೆ ದೀಪ ಮಿಣುಕುತ್ತದೆ. ಪರದೆಯ ಪಾಲು ಎಷ್ಟು?" ಉತ್ತರ 50 ಮತ್ತು 25 ವ್ಯಾಟ್, ಆದ್ದರಿಂದ ಪರದೆಯ ಪಾಲು 25 ವ್ಯಾಟ್. ಕೆಲವರು 1125 ಬಳಸಿ ಅರ್ಧ ಉತ್ತರ ಬರೆದರು. ಸಂಖ್ಯೆಯನ್ನು ಬಾಯಿಪಾಠ ಮಾಡಿದವರು ಯಾರು, ಫಲಕವನ್ನು ಓದಿದವರು ಯಾರು ಎಂಬುದು ಆ ಒಂದು ಪ್ರಶ್ನೆಯಿಂದ ತಿಳಿಯಿತು. ಬಾಯಿಪಾಠ ಮಾಡಿದವರಿಗೆ ಶಾಲೆಯ ಮೀಟರಿನ ಮುಂದೆಯೇ ನಿಲ್ಲಿಸಿ ಮತ್ತೊಮ್ಮೆ ಪಾಠ ಮಾಡಬೇಕಾಯಿತು. ಶಾಲೆಯ ಮೀಟರಿನ ಫಲಕದ ಮೇಲಿದ್ದದ್ದು 3200 ಅಲ್ಲ, 1600.